ಕಿಲೋ ಪಾಕೀಟು ಇಪ್ಪತ್ತು ದಿನ ಬಂದಾಗ ಸಿಕ್ಕ ಲೆಕ್ಕ

ನನ್ನ ತಪ್ಪನ್ನು ಹಿಡಿದವರು ನಮ್ಮ ವೈನಿ. ಅದೂ ಕಿರಾಣಿ ಲೆಕ್ಕದಿಂದ.

ನಮ್ಮನೇಲಿ ಸೋಯಾ ಚಂಕ್ಸ್ ದಿನಾ ತಿನ್ನೋನು ನಾನೊಬ್ಬನೇ. ಹುಬ್ಬಳ್ಳಿಯಲ್ಲಿ ಆಫೀಸು, ಸಂಜೆ ಜಿಮ್. ಮಾಂಸ ತಿನ್ನೋದಿಲ್ಲ. ಹಾಗಾಗಿ ಪ್ರೋಟೀನ್‌ಗೆ ಮೊಸರು, ಕಾಳು, ಆಮೇಲೆ ಈ ಚಂಕ್ಸ್. ರಾತ್ರಿ ಬಿಸಿನೀರಲ್ಲಿ ನೆನೆಸಿ, ಹಿಂಡಿ, ತಕ್ಕಡಿ ಮೇಲೆ 150 ಗ್ರಾಂ ಇಟ್ಟು ಒಗ್ಗರಣೆ ಹಾಕ್ತಿದ್ದೆ. ಪಾಕೀಟಿನ ಹಿಂದೆ 100 ಗ್ರಾಂಗೆ 52 ಗ್ರಾಂ ಪ್ರೋಟೀನ್, 345 ಕ್ಯಾಲೊರಿ ಅಂತ ಬರೆದಿತ್ತು. ಅದನ್ನೇ ಒಂದೂವರೆ ಪಟ್ಟು ಮಾಡಿ ಫೋನಿನಲ್ಲಿ ಬರೆದುಕೊಂಡೆ: 78 ಗ್ರಾಂ ಪ್ರೋಟೀನ್, 518 ಕ್ಯಾಲೊರಿ. ಒಂದೇ ಊಟಕ್ಕೆ 78! ನೋಡಿ ಖುಷಿಯೋ ಖುಷಿ.

ಒಂದು ದಿನ ವೈನಿ ತಿಂಗಳ ಸಾಮಾನಿನ ಚೀಟಿ ಬರೀತಾ ಕೇಳಿದರು: "ದಿನಾ ನೂರೈವತ್ತ ಗ್ರಾಂ ತಿಂತೀನಿ ಅಂತೀ. ಹಂಗಾದ್ರ ಕಿಲೋ ಪಾಕೀಟ ಒಂದ ವಾರಕ್ಕ ಮುಗೀಬೇಕಿತ್ತಲ್ಲ? ಇಪ್ಪತ್ತ ದಿನಾ ಹೆಂಗ ಬಂತೋ?"

ಉತ್ತರ ಹೇಳೋಕೆ ಬಾಯಿ ತೆರೆದೆ. ಹಾಗೇ ಮುಚ್ಚಿದೆ. ಒಂದು ಕಿಲೋ ಇಪ್ಪತ್ತು ದಿನಕ್ಕೆ ಅಂದರೆ ದಿನಕ್ಕೆ 50 ಗ್ರಾಂ. ನಾನು ತಿಂತಿದ್ದದ್ದು 50 ಗ್ರಾಂ ಚಂಕ್ಸ್ ಮತ್ತು 100 ಗ್ರಾಂ ನೀರು. ಪ್ರೋಟೀನ್ 26 ಗ್ರಾಂ, ಕ್ಯಾಲೊರಿ 172 ಮಾತ್ರ. ಪಾಕೀಟಿನ ಅಂಕಿ ಒಣ ಚಂಕ್ಸ್‌ನದು. ನಾನು ಅದನ್ನು ನೆಂದ ತೂಕಕ್ಕೆ ಗುಣಿಸಿದ್ದೆ. ನೀರಿಗೂ ಪ್ರೋಟೀನ್ ಕೊಟ್ಟಿದ್ದೆ ನೋಡಿ.

ಆಗ ಇನ್ನೊಂದು ವಿಷಯವೂ ಹೊಂದಿಕೊಂಡಿತು. ಆ ಇಪ್ಪತ್ತು ದಿನದಲ್ಲಿ ನನ್ನ ತೂಕ ಹೆಚ್ಚುಕಡಿಮೆ ಒಂದು ಕಿಲೋ ಇಳಿದಿತ್ತು. ನಾನು ಇಳಿಸೋಕೆ ಹೊರಟೇ ಇರಲಿಲ್ಲ. ಬಿಸಿಲಿಗೆ ಇರಬೇಕು ಅಂದುಕೊಂಡು ಸುಮ್ನಿದ್ದೆ. ನಿಜ ಏನಂದರೆ, ಬರೆದದ್ದಕ್ಕಿಂತ ದಿನಕ್ಕೆ ಸುಮಾರು 345 ಕ್ಯಾಲೊರಿ ಕಡಿಮೆ ತಿಂತಿದ್ದೆ.

ಸರಿ, ಹಾಗಿದ್ರೆ ನೆಂದ ತೂಕವನ್ನು ಮೂರರಿಂದ ಭಾಗಿಸಿದರೆ ಆಯ್ತು ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಆಮೇಲೆ ಒಂದು ಭಾನುವಾರ ಕೂತು ಅಳೆದೆ.

50 ಗ್ರಾಂ ಒಣ ಚಂಕ್ಸ್ ತಗೊಂಡೆ. ಕುದಿಯೋ ನೀರಿಗೆ ಹಾಕಿ ಐದು ನಿಮಿಷ ಬಿಟ್ಟೆ. ಒಲೆ ಆರಿಸಿ ಇನ್ನೂ ಹತ್ತು ನಿಮಿಷ ಮುಚ್ಚಿಟ್ಟೆ. ಆಮೇಲೆ ಜಾಲರಿಗೆ ಸುರಿದು, ಹಿಂಡದೇ, ಹಾಗೇ ನೀರು ಸೋರಲು ಬಿಟ್ಟು ತೂಗಿದೆ: 196 ಗ್ರಾಂ. ಅದನ್ನೇ ತಣ್ಣೀರಲ್ಲಿ ತೊಳೆದು, ದಿನಾ ಹಿಂಡೋ ಹಾಗೆ ಎರಡು ಸಲ ಮುಷ್ಟಿಯಲ್ಲಿ ಹಿಂಡಿದೆ: 148. ಕೊನೆಗೆ ಒಂದು ಪಂಚೆಯಲ್ಲಿ ಕಟ್ಟಿ, ಇನ್ನು ಹನಿ ಬರೋದಿಲ್ಲ ಅನ್ನೋವರೆಗೂ ತಿರುವಿದೆ: 122.

ಮೂರೂ ಸಲ ಇದ್ದದ್ದು ಅವೇ ಚಂಕ್ಸ್, ಅದೇ 26 ಗ್ರಾಂ ಪ್ರೋಟೀನ್. ಆದರೆ "ನೆಂದ ಚಂಕ್ಸ್ 100 ಗ್ರಾಂಗೆ ಎಷ್ಟು" ಅಂತ ಕೇಳಿದರೆ ಮೂರು ಉತ್ತರ. ಹಿಂಡದೇ ಇದ್ದರೆ 13, ಕೈಯಲ್ಲಿ ಹಿಂಡಿದರೆ 17 ಚಿಲ್ಲರೆ, ಪಂಚೆಯಲ್ಲಿ ತಿರುವಿದರೆ 21. ಅಂದರೆ ನೆಂದ ತೂಕ ಅನ್ನೋದು ಚಂಕ್ಸ್‌ನ ಗುಣಕ್ಕಿಂತ ಜಾಸ್ತಿ ನನ್ನ ಕೈಯ ಬಲವನ್ನು ಹೇಳುತ್ತದೆ. ನಾನು ಹಿಂಡಿದ್ದಕ್ಕೂ ಅವ್ವ ಹಿಂಡಿದ್ದಕ್ಕೂ ಫರಕು ಇದೆ. ಸಣ್ಣ ಕಾಳಿನಂಥ ಚಂಕ್ಸ್ ತಂದರೆ ಅದೂ ಬೇರೆ. ಅದರ ಮೇಲೆ, ಹಿಂಡಿದ ಚಂಕ್ಸ್ ರಸಕ್ಕೆ ಬಿದ್ದ ಕೂಡಲೇ ಮತ್ತೆ ಕುಡಿಯೋಕೆ ಶುರು ಮಾಡುತ್ತವೆ. ಬೆಂದ ಮೇಲೆ ಆರಿಸಿ ತೂಗೋದಂತೂ ವ್ಯರ್ಥ.

ಹಿಂಡಿದ ನೀರು ಸ್ವಲ್ಪ ಹಳದಿ ಇರುತ್ತದೆ. ಅದರಲ್ಲೂ ಪ್ರೋಟೀನ್ ಹೋಗೋದಿಲ್ವಾ ಅಂತ ಜಿಮ್‌ನಲ್ಲಿ ಒಬ್ಬರು ಕೇಳಿದರು. ಸ್ವಲ್ಪ ಸಕ್ಕರೆ ಅಂಶ, ಚೂರು ಪ್ರೋಟೀನ್ ಹೋಗುತ್ತದೆ. ಅದನ್ನು ನಾನು ಲೆಕ್ಕಕ್ಕೆ ಹಿಡಿಯೋದಿಲ್ಲ. ಮೂರು ಪಟ್ಟು ತಪ್ಪು ಮಾಡಿದವನಿಗೆ ಅದೆಲ್ಲ ಯಾಕೆ?

ಇದೇ ತಪ್ಪನ್ನು ನಮ್ಮ ಆಫೀಸಿನ ಗೆಳೆಯನೊಬ್ಬ ತಿರುವುಮುರುವು ಮಾಡಿದ್ದ. ಅವನಿಗೆ ತೂಕ ಇಳಿಸಬೇಕಿತ್ತು. ಫೋನಿನ ಆ್ಯಪ್‌ನಲ್ಲಿ ಹುಡುಕಿ, ಬೇಯಿಸಿದ ಸೋಯಾ ಚಂಕ್ಸ್ 100 ಗ್ರಾಂಗೆ 115 ಕ್ಯಾಲೊರಿ ಅನ್ನೋ ಸಾಲು ಆರಿಸಿಕೊಂಡಿದ್ದ. ತೂಗುತ್ತಿದ್ದದ್ದು ಮಾತ್ರ ಒಣ ಚಂಕ್ಸ್, 100 ಗ್ರಾಂ. ಬರೆದದ್ದು 115, ಹೊಟ್ಟೆಗೆ ಹೋದದ್ದು 345. ಮೂರು ಗ್ರಾಂ ಒಣ ಚಂಕ್ಸ್ ಕೂಡ ನೆಂದರೆ ಒಂಬತ್ತಾಗುತ್ತದೆ. ನೂರು ಗ್ರಾಂ ಅಂದರೆ ದೊಡ್ಡ ಬೋಗುಣಿ ತುಂಬ ಆಗಿರಬೇಕು. "ಇಷ್ಟು ತಿಂದರೂ ಬರೇ ನೂರ ಹದಿನೈದು, ಏನ್ ಆಹಾರ ಮಾರಾಯಾ" ಅಂತ ಅವನೇ ಹೊಗಳುತ್ತಿದ್ದ. ಮಧ್ಯಾಹ್ನದ ಮೇಲೆ ಹೊಟ್ಟೆ ಉಬ್ಬರ ಬೇರೆ.

ಅವನ ಫೋನು ನೋಡಿದ ಮೇಲೆ ನಾನು ಒಂದು ರೂಢಿ ಮಾಡಿಕೊಂಡೆ. ಆ್ಯಪ್‌ನ ಯಾವುದೇ ಸಾಲು ಆರಿಸೋ ಮೊದಲು 100 ಗ್ರಾಂಗೆ ಪ್ರೋಟೀನ್ ಎಷ್ಟು ಅಂತ ನೋಡ್ತೀನಿ. 50ರ ಆಸುಪಾಸು ಇದ್ದರೆ ಅದು ಒಣದ್ದು. 13ರಿಂದ 21ರ ನಡುವೆ ಇದ್ದರೆ ನೆಂದದ್ದು. ಹೆಸರಿನಲ್ಲಿ ಏನು ಬರೆದಿದ್ದರೂ ಸರಿ. ಕೆಲವು ಸಾಲುಗಳಲ್ಲಿ ಎರಡೂ ಕಲಸಿಕೊಂಡಿರುತ್ತವೆ: ಪ್ರೋಟೀನ್ 52, ಕ್ಯಾಲೊರಿ 115 ಅಂತ. ಒಂದು ಗ್ರಾಂ ಪ್ರೋಟೀನ್‌ಗೆ 4 ಕ್ಯಾಲೊರಿ. 52 ಗ್ರಾಂ ಅಂದರೆ ಪ್ರೋಟೀನ್ ಒಂದರಿಂದಲೇ 208 ಆಗಬೇಕು. 115ರಲ್ಲಿ ಅದು ಹೇಗೆ ಹಿಡಿಸುತ್ತದೆ? ಯಾರೋ ಸುಮ್ನೆ ತುಂಬಿದ ಸಾಲು ಅದು, ಬಿಟ್ಟುಬಿಡಬೇಕು.

ಒಬ್ಬರಿಗೆ ಮಾಡಿಕೊಳ್ಳುವಾಗ ಇದೆಲ್ಲ ಸುಲಭ. ಒಣದ್ದನ್ನು ತೂಗು, ಬರೆದುಕೊ, ಆಮೇಲೆ ಎಷ್ಟಾದರೂ ನೀರು ಕುಡಿಯಲಿ. ತೊಡಕು ಬರೋದು ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಪಲ್ಯ ಮಾಡಿದಾಗ. ನನ್ನ ತಾಟಿಗೆ ಬಿದ್ದ ಚಂಕ್ಸ್ ಒಣಗಿದ್ದಾಗ ಎಷ್ಟಿತ್ತು ಅಂತ ಯಾರಿಗೆ ಗೊತ್ತು?

ಹೋದ ಭಾನುವಾರದ ಲೆಕ್ಕ ಹೇಳ್ತೀನಿ. ಒಣ ಚಂಕ್ಸ್ 150 ಗ್ರಾಂ ಹಾಕಿದ್ದೆವು. ಅದರಿಂದ 78 ಗ್ರಾಂ ಪ್ರೋಟೀನ್, 518 ಕ್ಯಾಲೊರಿ. ಎಣ್ಣೆ 30 ಗ್ರಾಂ, 270 ಕ್ಯಾಲೊರಿ. ನಮ್ಮ ಕಡೆ ಶೇಂಗಾ ಪುಡಿ ಇಲ್ಲದೆ ಪಲ್ಯ ಏಳೋದಿಲ್ಲ. ಅದು 40 ಗ್ರಾಂ, ಸುಮಾರು 227 ಕ್ಯಾಲೊರಿ, 10 ಗ್ರಾಂ ಪ್ರೋಟೀನ್. ಉಳ್ಳಾಗಡ್ಡಿ, ಟೊಮೆಟೊ ಸೇರಿ 100 ಕ್ಯಾಲೊರಿ, 3 ಗ್ರಾಂ ಪ್ರೋಟೀನ್. ಇಡೀ ಪಾತ್ರೆಗೆ 1115 ಕ್ಯಾಲೊರಿ, 91 ಗ್ರಾಂ ಪ್ರೋಟೀನ್.

ಪಲ್ಯ ಆದ ಮೇಲೆ ಪಾತ್ರೆ ಸಮೇತ ತೂಗಿದೆ. 1440 ಗ್ರಾಂ. ಖಾಲಿ ಪಾತ್ರೆ 640 ಅಂತ ಮೊದಲೇ ತೂಗಿಟ್ಟಿದ್ದೆ. ಇದನ್ನು ಮರೆತರೆ ಎಲ್ಲ ಹೋಯ್ತು. ಪಲ್ಯ 800 ಗ್ರಾಂ. ಚೆನ್ನಾಗಿ ತಿರುವಿ ನನ್ನ ತಾಟಿಗೆ 240 ಗ್ರಾಂ ಹಾಕಿಕೊಂಡೆ. 800ರಲ್ಲಿ 240 ಅಂದರೆ ನೂರಕ್ಕೆ 30. ಹಾಗಾಗಿ ನನ್ನ ಪಾಲು 27 ಗ್ರಾಂ ಪ್ರೋಟೀನ್, 335 ಕ್ಯಾಲೊರಿ. ರೊಟ್ಟಿ, ಮೊಸರು ಬೇರೆ ಲೆಕ್ಕ. ಇಲ್ಲಿ ನೆಂದ ತೂಕ ಎಷ್ಟಾಯ್ತು ಅಂತ ಕೇಳಲೇ ಇಲ್ಲ ನೋಡಿ. ನೀರು ಜಾಸ್ತಿ ಉಳಿದರೂ ಅದು ಎಲ್ಲರ ತಾಟಿಗೂ ಒಂದೇ ಪ್ರಮಾಣದಲ್ಲಿ ಹಂಚಿಹೋಗುತ್ತದೆ. ರಸ ತೆಳ್ಳಗಿದ್ದ ದಿನ ಮಾತ್ರ ಮೇಲಿನದ್ದನ್ನಷ್ಟೇ ಬಡಿಸಿಕೊಂಡರೆ ಈ ಲೆಕ್ಕ ಕೆಡುತ್ತದೆ.

ಅವತ್ತು ಅವ್ವ ರೊಟ್ಟಿ ಬಡಿಯೋದು ಬಿಟ್ಟು ನೋಡ್ತಿದ್ದಳು. "ಪತ್ತಾರ ಬಂಗಾರ ತೂಗಿದಂಗ ತೂಗ್ತೀಯಲ್ಲೋ. ರೊಟ್ಟಿ ಆರಾಕತ್ತಾವ, ಉಣ್ಣ ಮೊದಲ."

ಅದೇ 335ರಲ್ಲಿ ಚಂಕ್ಸ್‌ನದು 155 ಮಾತ್ರ. ಅರ್ಧಕ್ಕಿಂತ ಜಾಸ್ತಿ ಎಣ್ಣೆ, ಶೇಂಗಾ, ಉಳ್ಳಾಗಡ್ಡಿ, ಟೊಮೆಟೊದ್ದು. ಪ್ರೋಟೀನ್ ನೋಡಿದರೆ ಉಲ್ಟಾ, ಹೆಚ್ಚಿನದೆಲ್ಲ ಚಂಕ್ಸ್‌ನದೇ. ಒಣ ತೂಕ ಸರಿಯಾಗಿ ಬರೆದು ಎಣ್ಣೆ ಬರೆಯದೇ ಹೋದರೆ ಪ್ರೋಟೀನ್ ಸರಿ ಬರುತ್ತದೆ, ಕ್ಯಾಲೊರಿ ಸುಮಾರು ಕಾಲುಭಾಗ ಕಾಣೆ. ನಾನು ಮೊದಲ ತಪ್ಪು ತಿದ್ದಿಕೊಂಡ ಮೇಲೆ ಎರಡು ವಾರ ಇದನ್ನೇ ಮಾಡಿದೆ.

ಯಾರೋ ಆಗಲೇ ನೆನೆಸಿಟ್ಟಿದ್ದರೆ, ಒಣ ತೂಕ ಗೊತ್ತಿಲ್ಲದಿದ್ದರೆ, ನಾನೇ ಕೈಯಲ್ಲಿ ಹಿಂಡಿ ತೂಗಿ ಮೂರರಿಂದ ಭಾಗಿಸ್ತೀನಿ. ನನ್ನ ಕೈಗೆ 50 ಗ್ರಾಂಗೆ 148 ಬಂದಿತ್ತಲ್ಲ, ಅದೇ ಆಧಾರ. ನಿಮ್ಮ ಕೈಗೆ, ನೀವು ತರೋ ಚಂಕ್ಸ್‌ಗೆ ಎಷ್ಟು ಅಂತ ನೀವೇ ಒಂದು ಸಲ ಅಳೆದುಕೊಳ್ಳಿ. ನನ್ನ ಮೂರು ನಿಮಗೆ ಎರಡೂವರೆ ಆಗಬಹುದು. ದುರ್ಗದಬೈಲ್ ಕಡೆ ಹೋದಾಗ ಬಿಡಿ ಚಂಕ್ಸ್ ತಂದರೆ ಅದರ ಮೇಲೆ ಏನೂ ಬರೆದಿರೋದಿಲ್ಲ. ಅದಕ್ಕೆ 100 ಗ್ರಾಂಗೆ 50 ಅಂತ ಹಿಡೀತೀನಿ.

ತಪ್ಪು ಗೊತ್ತಾದ ಮೇಲೆ 78 ಗ್ರಾಂ ಮುಟ್ಟಲು ದಿನಾ 150 ಗ್ರಾಂ ಒಣ ಚಂಕ್ಸ್ ತಿನ್ನಬೇಕಾ ಅಂತ ಯೋಚಿಸಿದೆ. ಒಂದು ದಿನ 100 ಗ್ರಾಂ ತಿಂದು ನೋಡಿದೆ. ರಾತ್ರಿಯಿಡೀ ಹೊಟ್ಟೆ ಗುಡುಗುಡು. ಗೆಳೆಯನ ಮಧ್ಯಾಹ್ನಗಳು ಅರ್ಥ ಆದವು. ಈಗ ಒಣದ್ದು 70 ಗ್ರಾಂ, ಅಂದರೆ 36 ಗ್ರಾಂ ಪ್ರೋಟೀನ್. ಉಳಿದದ್ದನ್ನು ಮೊಸರು, ಮಡಕಿ ಕಾಳು, ಹಾಲಿಗೆ ಹಂಚಿದ್ದೀನಿ.

ಭಾನುವಾರ ಏಳು ಸಣ್ಣ ಡಬ್ಬಿಗಳಲ್ಲಿ 70 ಗ್ರಾಂ ತೂಗಿ ಇಡ್ತೀನಿ, ಆಮೇಲೆ ವಾರವೆಲ್ಲ ತಕ್ಕಡಿ ಮುಟ್ಟೋದಿಲ್ಲ. ಪಾಕೀಟು ಒಡೆದ ತಾರೀಖನ್ನು ವೈನಿ ಅದರ ಮೇಲೇ ಪೆನ್ನಿನಿಂದ ಬರೆದಿಡ್ತಾರೆ. ಹದಿನೈದನೇ ದಿನ ಅದು ಖಾಲಿ ಆಗದಿದ್ದರೆ ನನಗೆ ಪ್ರಶ್ನೆ ಕಾದಿರುತ್ತದೆ.