ಪೊಟ್ಯಾಸಿಯಂ 9.2, ರೋಗಿ ಮಾತ್ರ ಆರಾಮ

ಒಬ್ಬರ ರಿಪೋರ್ಟ್‌ನಲ್ಲಿ ಪೊಟ್ಯಾಸಿಯಂ 9.2 ಬಂತು. ಅಷ್ಟಿದ್ದರೆ ಹೃದಯದ ಲಯವೇ ತಪ್ಪಬೇಕು, ಅಲ್ವಾ? ಇಸಿಜಿ ಸರಿಯಾಗಿಯೇ ಇತ್ತು. ರಕ್ತಕಣ ಒಡೆದು ಒಳಗಿನ ಪೊಟ್ಯಾಸಿಯಂ ಹೊರಬಂದಿರಬೇಕು ಅಂದುಕೊಂಡೆ. ಆದರೆ ಸೀರಮ್ ತಿಳಿ ಹಳದಿ, ಕೆಂಪಿನ ಸುಳಿವೇ ಇಲ್ಲ. ಆಮೇಲೆ ಕ್ಯಾಲ್ಸಿಯಂ ಕಣ್ಣಿಗೆ ಬಿತ್ತು: 3.1! ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಕಿಣ್ವ ಕೂಡ ತೀರಾ ಕಡಿಮೆ. ಈ ಮೂರೂ ಒಟ್ಟಿಗೆ ಕಂಡರೆ ನನಗೆ ಮೊದಲ ಅನುಮಾನ ಇಡಿಟಿಎ ಮೇಲೆ. ರಕ್ತ ಹೆಪ್ಪುಗಟ್ಟದಂತೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹಾಕಿರುವುದು ಅದರ ಪೊಟ್ಯಾಸಿಯಂ ಲವಣ. ಅದು ಕ್ಯಾಲ್ಸಿಯಂ ಹಿಡಿದಿಡುತ್ತದೆ, ಆ ಕಿಣ್ವಕ್ಕೆ ಬೇಕಾದ ಸತು, ಮೆಗ್ನೀಸಿಯಂ ಕೂಡ.

ರಕ್ತ ತೆಗೆದವರನ್ನು ಕೇಳಿದೆ. "ಕೆಂಪು ಟ್ಯೂಬಿಗೆ ಸಾಲಲಿಲ್ಲ ಸರ್, ನೇರಳೆಯದರಿಂದ ಸ್ವಲ್ಪ ಸುರಿದೆ" ಅಂದರು. ಹಳೇ ರಿಪೋರ್ಟ್ ತಡೆಹಿಡಿದು ಮತ್ತೆ ರಕ್ತ ತೆಗೆಸಿದೆವು. ಈ ಸಲ ಕೆಂಪು ಮೊದಲು, ನೇರಳೆ ಆಮೇಲೆ. ಪೊಟ್ಯಾಸಿಯಂ 4.3, ಕ್ಯಾಲ್ಸಿಯಂ 9.4.