ಮಳೆಗಾಲದ ಬೆಳಗಾವಿಯಲ್ಲಿ ಮೊದಲ ಭೇಟಿ: ಏನು ಹಾಕ್ಕೊಳ್ಳೋದು, ಹೇಗೆ ತಯಾರಾಗೋದು?

ಕಳೆದ ಜುಲೈನಲ್ಲಿ ನಮ್ಮ ಕಾಕಾನ ಮಗ ಫೋನ್ ಮಾಡಿದ. "ಯಕ್ಕಾ, ಬರೋ ರವಿವಾರ ಹುಡುಗಿ ಭೇಟಿ ಆಗೂದೈತಿ. ಒಂದು ಬ್ಲೇಜರ್ ತಗೊಂಡು ಬಿಡ್ಲೇನು?" ಅಂದ. ಎರಡೂ ಮನೆಯವರು ಬಯೋಡೇಟಾ ನೋಡಿ ಆಗಿತ್ತು. ಹಿರಿಯರು ಕೂಡುವ ಮೊದಲು ಇಬ್ಬರೇ ಒಮ್ಮೆ ಮಾತಾಡಲಿ ಅಂತ ಟಿಳಕವಾಡಿ ಕಡೆ ಒಂದು ಕೆಫೆ ಗೊತ್ತುಮಾಡಿದ್ದರು. ಹುಡುಗ ಉದ್ಯಮಬಾಗದ ಕಾರ್ಖಾನೆಯಲ್ಲಿ ಲೋಹ ಕಡೆಯುವ ಸಿಎನ್‌ಸಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಾನೆ. ಬ್ಲೇಜರ್ ಅನ್ನೋದನ್ನು ಅವನು ಹಾಕಿದ್ದು ಒಂದೇ ಸಲ. ಅದೂ ಗೆಳೆಯನದು.

ಬೇಡ ಅಂದೆ. ಆಮೇಲೆ ಒಂದು ವಾರ ಇಬ್ಬರೂ ಸೇರಿ ಮಾಡಿದ ತಯಾರಿಯೇ ಈ ಬರಹ.

ಮೊದಲು ದಾರಿ ನೋಡಿ

ಬಟ್ಟೆಗಿಂತ ಮುಂಚೆ ನಾನು ಕೇಳಿದ್ದು, "ಎಷ್ಟು ಗಂಟೆಗೆ, ಹೆಂಗ ಹೋಗ್ತಿ?" ಸಂಜೆ ಐದಕ್ಕೆ, ಬೈಕ್ ಮೇಲೆ. ನಡುವೆ ಎರಡನೇ ರೈಲ್ವೆ ಗೇಟ್. ಗೇಟ್ ಬಿತ್ತು ಅಂದರೆ ಮಳೆಯಲ್ಲಿ ನಿಲ್ಲಬೇಕು. ಅಂದರೆ ರೇನ್‌ಕೋಟ್, ಹೆಲ್ಮೆಟ್, ಹಿಂದಿನ ಗಾಲಿ ಸಿಡಿಸುವ ಕೆಸರು ಇಷ್ಟೂ ಲೆಕ್ಕಕ್ಕೆ ಬಂತು. ಕನ್ನಡಿ ಮುಂದೆ ಚೆಂದ ಕಾಣುವ ಬಟ್ಟೆ ಒಂದು, ಕೆಫೆ ಬಾಗಿಲಿಗೆ ಚೆಂದ ಉಳಿದು ಮುಟ್ಟುವ ಬಟ್ಟೆ ಇನ್ನೊಂದು.

ಜೀನ್ಸ್ ಅಲ್ಲಿಗೇ ಬಿಟ್ಟೆವು. ದಪ್ಪ ಜೀನ್ಸ್ ಒಮ್ಮೆ ನೆನೆದರೆ ರಾತ್ರಿ ತನಕ ತೊಡೆಗೆ ಅಂಟಿಕೊಂಡೇ ಇರುತ್ತದೆ. ತೆಳು ಕಾಟನ್ ಪ್ಯಾಂಟ್ ಫ್ಯಾನ್ ಕೆಳಗೆ ಬೇಗ ಒಣಗುತ್ತದೆ. ಬಣ್ಣವೂ ನೋಡಬೇಕು. ತಿಳಿ ಬೂದಿ ಮತ್ತು ಖಾಕಿ ಮೇಲೆ ನಾಲ್ಕು ಹನಿ ಬಿದ್ದರೂ, ಬೆವರಿದರೂ ಕಲೆ ಎದ್ದು ಕಾಣುತ್ತದೆ. ಕಡುನೀಲಿಯಲ್ಲಿ ಅಷ್ಟು ಕಾಣುವುದಿಲ್ಲ.

ಕುರ್ಚಿ ಪರೀಕ್ಷೆ

ಇದು ನನ್ನದೇ ಉಪಾಯ, ಇದರ ಮೇಲೆ ನನಗೆ ಭಾಳ ನಂಬಿಕೆ. ಹೋದ ತಿಂಗಳು ನೀವು ಜಾಸ್ತಿ ಹಾಕಿದ ಮೂರು ಅಂಗಿ ತೆಗೆಯಿರಿ. ಹೊಸದೊಂದರ ಮೇಲೆ ಆಸೆ ಇದ್ದರೆ ಅದನ್ನೂ ಸೇರಿಸಿ. ಒಂದೊಂದೇ ಹಾಕಿಕೊಂಡು ಮೇಜಿನ ಮುಂದೆ ಇಪ್ಪತ್ತು ನಿಮಿಷ ಕುಳಿತು ಚಹಾ ಕುಡಿಯಿರಿ, ಯಾರ ಜೊತೆಗಾದರೂ ಮಾತಾಡಿ. ಕೆಳಗೆ ಬಿದ್ದ ಚಮಚ ಎತ್ತಿ. ಮನೆಯವರೊಬ್ಬರು ಸುಮ್ನೆ ಎಣಿಸುತ್ತಾ ಕೂರಲಿ: ಕೈ ಎಷ್ಟು ಸಲ ಬಟ್ಟೆಗೆ ಹೋಯಿತು? ಕಾಲರ್ ಎಳೆಯೋದು, ಗುಂಡಿ ಮುಟ್ಟಿ ನೋಡೋದು, ಅಂಗಿ ಕೆಳಗೆ ಜಗ್ಗೋದು ಎಲ್ಲಾ ಲೆಕ್ಕಕ್ಕೆ.

ನಮ್ಮವನು ಅಂಗಡಿಯಿಂದ ನೋಡಲಿಕ್ಕೆಂದು ತಂದಿದ್ದ ಬಿಗಿ ಬಿಳಿ ಅಂಗಿಯಲ್ಲಿ ಕೈ ಹದಿನಾಲ್ಕು ಸಲ ಹೋಯಿತು. ನೀಲಿ ಚೌಕಡಿಯ ಹಳೇ ಅಂಗಿಯಲ್ಲಿ ಎರಡೇ ಸಲ. ಬಿಳಿಯದು ನಿಂತಾಗ ಚೆನ್ನಾಗಿಯೇ ಕಾಣುತ್ತಿತ್ತು. ಕುಳಿತ ಕೂಡಲೇ ಎದೆಯ ಎರಡು ಗುಂಡಿಗಳ ನಡುವೆ ಬಾಯಿ ಬಿಡುತ್ತಿತ್ತು. ನಾವು ಟ್ರಯಲ್ ರೂಮಿನಲ್ಲಿ ನಿಂತೇ ನೋಡುತ್ತೇವೆ, ಭೇಟಿಯಲ್ಲಿ ಒಂದು ತಾಸು ಕೂತೇ ಇರುತ್ತೇವೆ. ಅಲ್ಲೇ ತಪ್ಪುವುದು.

ಹಳೇ ಅಂಗಿಯಲ್ಲಿ ನೋಡಬೇಕಾದ್ದು ಎರಡು. ಹೆಗಲಿನ ಹೊಲಿಗೆ ಹೆಗಲ ಮೂಳೆಯ ತುದಿಗೆ ಬಂದು ನಿಲ್ಲಬೇಕು. ಕಾಲರ್ ಗುಂಡಿ ಹಾಕಿದಾಗ ಒಳಗೆ ಎರಡು ಬೆರಳು ಹೋಗಬೇಕು. ಉದ್ದ, ಸೊಂಟ ಇವನ್ನೆಲ್ಲಾ ದರ್ಜಿ ಸರಿಮಾಡುತ್ತಾನೆ. ಹೆಗಲು ಮಾತ್ರ ಬಿಚ್ಚಿ ಹೊಲಿಯೋದು ತ್ರಾಸಿನ ಕೆಲಸ. ಹೆಗಲು ಸರಿ ಇಲ್ಲದಿದ್ದರೆ ಆ ಅಂಗಿ ಬಿಟ್ಟುಬಿಡಿ.

ಹುಡುಗಿಯರಿಗೂ ಇದೇ ಪರೀಕ್ಷೆ. ದಿನಾ ಚೂಡಿದಾರ್ ಹಾಕುವವಳು ಅವ್ವನ ಇಳಕಲ್ ಸೀರೆಯನ್ನು ಮೊದಲ ಸಲ ಅವತ್ತೇ ಉಟ್ಟರೆ ಸಂಜೆಯೆಲ್ಲಾ ನಿರಿಗೆ ಮೇಲೇ ಧ್ಯಾನ. ಸೀರೆ ಉಡೋದೇ ರೂಢಿ ಇದ್ದವಳಿಗೆ ಅದರಷ್ಟು ಹಗುರ ಇನ್ನೊಂದಿಲ್ಲ.

ಮುಗ್ಗಲು ವಾಸನೆ

ಅಂಗಿ ಆರಿಸಿದ ಮೇಲೆ ನಮಗೆ ಸಿಕ್ಕ ನಿಜವಾದ ತೊಂದರೆ ಇದು. ಜಿಟಿಜಿಟಿ ಮಳೆ ಹಿಡಿದರೆ ಒಳಗೆ ಹಾಕಿದ ಬಟ್ಟೆ ಒಣಗಲಿಕ್ಕೆ ಎರಡು ದಿನ. ಬಟ್ಟೆ ಬಹಳ ಹೊತ್ತು ಹಸಿ ಇದ್ದರೆ ಅದರಲ್ಲಿ ಸೂಕ್ಷ್ಮಜೀವಿ ಬೆಳೆದು ಮುಗ್ಗಲು ವಾಸನೆ ಬರುತ್ತದೆ. ಕಪಾಟಿನಿಂದ ತೆಗೆದಾಗ ಏನೂ ಅನ್ನಿಸುವುದಿಲ್ಲ. ಮೈ ಬಿಸಿ ತಾಗಿದ ಮೇಲೆ ಏಳುತ್ತದೆ. ಅದಕ್ಕೇ ಮೂಸಿ ನೋಡೋದಿದ್ದರೆ ಇಸ್ತ್ರಿ ಮಾಡುವಾಗ ಮೂಸಿ. ಕಂಕುಳ ಭಾಗದ ಮೇಲೆ ಬಿಸಿ ಇಸ್ತ್ರಿ ಎಳೆದ ಕೂಡಲೇ ಮೂಗು ಹತ್ತಿರ ಒಯ್ಯಿರಿ. ವಾಸನೆ ಇದ್ದರೆ ಆಗಲೇ ಗೊತ್ತಾಗುತ್ತದೆ.

ಅವನ ಅಂಗಿ ಈ ಪರೀಕ್ಷೆಯಲ್ಲಿ ಬಿತ್ತು. ಅದರ ಮೇಲೆ ಸೆಂಟ್ ಹೊಡೆದರೆ ಎರಡು ವಾಸನೆ ಆಗುತ್ತದೆ, ಒಂದು ಹೋಗುವುದಿಲ್ಲ. ಮತ್ತೆ ಒಗೆಯಬೇಕು. ಬಣ್ಣ ತಡೆಯುವ ಕಾಟನ್ ಆದರೆ ಬಿಸಿ ನೀರಿನಲ್ಲಿ ಒಗೆದು, ಗಟ್ಟಿಯಾಗಿ ಹಿಂಡಿ, ಫ್ಯಾನ್ ಕೆಳಗೆ ಒಂದೇ ಬಟ್ಟೆಯನ್ನು ಹ್ಯಾಂಗರ್‌ಗೆ ಹಾಕಿ. ಸುತ್ತ ಬೇರೆ ಬಟ್ಟೆ ಬೇಡ. ಗಾಳಿ ಆಡಿ ಬೇಗ ಒಣಗಿದರೆ ಮುಗ್ಗಲು ಹಿಡಿಯುವುದಿಲ್ಲ. ಭೇಟಿ ರವಿವಾರ ಇದ್ದರೆ ಇದು ಗುರುವಾರವೇ ಆಗಬೇಕು, ಶನಿವಾರ ರಾತ್ರಿ ಅಲ್ಲ.

ಕಟಿಂಗ್ ಬುಧವಾರ

ಹಿಂದಿನ ದಿನ ಕಟಿಂಗ್ ಮಾಡಿಸಿದರೆ ಕಿವಿ ಸುತ್ತ, ಕತ್ತಿನ ಹಿಂದೆ ಬಿಳಿ ಪಟ್ಟಿ ಕಾಣುತ್ತದೆ. ಅಲ್ಲಿಯ ಚರ್ಮ ಬಿಸಿಲು ಕಂಡಿರುವುದಿಲ್ಲ. ನಾಲ್ಕೈದು ದಿನ ಕೊಟ್ಟರೆ ಕೂದಲು ತನ್ನ ಜಾಗಕ್ಕೆ ಕೂರುತ್ತದೆ. ಯಾವಾಗಲೂ ಹೋಗುವ ಅಂಗಡಿಗೇ ಹೋಗಿ, ಯಾವಾಗಲೂ ಮಾಡಿಸುವ ಕಟಿಂಗನ್ನೇ ಮಾಡಿಸಿ.

ಅಲ್ಲಿ ಫೇಶಿಯಲ್, ಬ್ಲೀಚ್, ಡಿ-ಟ್ಯಾನ್ ಅಂತ ಕೇಳುತ್ತಾರೆ. ಮೊದಲು ಮಾಡಿಸಿ ರೂಢಿ ಇಲ್ಲದಿದ್ದರೆ ಈ ವಾರ ಬೇಡವೇ ಬೇಡ. ನನ್ನನ್ನು ನೋಡಲು ಬರುವ ಎರಡು ದಿನ ಮೊದಲು ನಾನು ಒಂದು ಪಾರ್ಲರ್‌ನಲ್ಲಿ ಬ್ಲೀಚ್ ಮಾಡಿಸಿದ್ದೆ. ಕೆನ್ನೆ ಕೆಂಪಗೆ ಉರಿದು ಸಿಪ್ಪೆ ಎದ್ದಿತು. ಬಂದವರ ಮುಂದೆ ಅರ್ಧ ಮುಖ ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದೆ. ಪಾಪ, ಅವರು ನಾಚಿಕೆ ಅಂದುಕೊಂಡರು.

ಗಡ್ಡದ ವಿಷಯಕ್ಕೆ ಸ್ವಲ್ಪ ಜಗ್ಗಾಟ ಆಯಿತು. ಬಯೋಡೇಟಾದ ಫೋಟೋದಲ್ಲಿ ಅವನಿಗೆ ಗಡ್ಡ ಇರಲಿಲ್ಲ, ಈಗ ಎರಡು ವರ್ಷದಿಂದ ಇದೆ. ಕಾಕು "ಬೋಳಿಸು" ಅಂದರು. ಬೋಳಿಸಿದರೆ ಅವನು ಗದ್ದ ಮುಟ್ಟಿಕೊಳ್ಳುತ್ತಾ ಕೂರುತ್ತಾನೆ ಅಂತ ನನಗೆ ಗೊತ್ತಿತ್ತು. ಗಡ್ಡ ಉಳಿಸಿ, ಆ ವಾರ ಮೊಬೈಲ್‌ನಲ್ಲಿ ಫಿಲ್ಟರ್ ಇಲ್ಲದೆ ತೆಗೆದ ಒಂದು ಫೋಟೋ ಹುಡುಗಿ ಮನೆಗೆ ಕಳಿಸಿದೆವು. ಶನಿವಾರ ಸಂಜೆ ಟ್ರಿಮ್ ಮಾಡಿದ. ಗಂಟಲಮಣಿಯಿಂದ ಎರಡು ಬೆರಳು ಮೇಲೆ ಗೆರೆ, ಅದರ ಕೆಳಗೆ ನುಣ್ಣಗೆ. ಸ್ನಾನ ಆದ ಮೇಲೆ ಕೂದಲು ಮೆತ್ತಗಿರುವಾಗ, ಹೊಸ ಬ್ಲೇಡಿನಲ್ಲಿ, ಕೂದಲು ಬೆಳೆದ ದಿಕ್ಕಿಗೇ ಎಳೆದರೆ ಗುಳ್ಳೆ ಏಳೋದು ಕಡಿಮೆ.

ಗ್ರೀಸ್ ಕೈ

ಅವನಿಗೆ ಎಲ್ಲಕ್ಕಿಂತ ಚಿಂತೆ ಇದ್ದದ್ದು ಕೈಯದು. ಉಗುರಿನ ಸಂದಿ, ಬೆರಳ ಗೆರೆ ಎಲ್ಲಾ ಕಪ್ಪು. ಕಾರ್ಖಾನೆ ಹುಡುಗರು ಸೀಮೆಎಣ್ಣೆ, ಥಿನ್ನರ್ ಹಾಕಿ ಉಜ್ಜುತ್ತಾರೆ. ಅದು ಚರ್ಮದ ಎಣ್ಣೆ ಅಂಶವನ್ನೂ ಕಿತ್ತು ಕೈ ಒಡೆಯುವಂತೆ ಮಾಡುತ್ತದೆ. ಒಡೆದ ಗೆರೆಯಲ್ಲಿ ಮರುದಿನ ಕಪ್ಪು ಇನ್ನೂ ಆಳಕ್ಕೆ ಕೂರುತ್ತದೆ. ವಾಸನೆಯಂತೂ ಬೇರೆ.

ಗ್ರೀಸನ್ನು ಎಣ್ಣೆಯಿಂದಲೇ ಬಿಡಿಸಬೇಕು. ಕೈ ಒಣಗಿರುವಾಗ, ನೀರು ತಾಗಿಸದೆ, ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಎರಡು ಮೂರು ನಿಮಿಷ ತಿಕ್ಕಿ. ಕಪ್ಪು ಕರಗಿ ಎಣ್ಣೆಗೆ ಬರುತ್ತದೆ. ಹಳೇ ಬಟ್ಟೆಯಲ್ಲಿ ಒರೆಸಿ. ಆಮೇಲೆ ಒಂದು ಚಮಚ ಸಕ್ಕರೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಕಲಸಿ ಉಜ್ಜಿ, ಉಗುರಿಗೆ ಹಳೇ ಟೂತ್‌ಬ್ರಷ್ ಆಡಿಸಿ, ಬೆಚ್ಚಗಿನ ನೀರಲ್ಲಿ ತೊಳೆಯಿರಿ. ಒಂದೇ ದಿನದಲ್ಲಿ ಪೂರ್ತಿ ಹೋಗುವುದಿಲ್ಲ. ಗುರುವಾರದಿಂದ ದಿನಾ ರಾತ್ರಿ ಮಾಡಿ, ಮಲಗುವಾಗ ಕೈಗೆ ವ್ಯಾಸಲೀನ್ ಹಚ್ಚಬೇಕು. ಇನ್ನೊಂದು: ಕೆಲಸಕ್ಕೆ ನಿಲ್ಲುವ ಮೊದಲು ಉಗುರುಗಳನ್ನು ಒದ್ದೆ ಸಾಬೂನಿನ ಬಿಲ್ಲೆ ಮೇಲೆ ಗೀರಿ. ಸಂದಿಯಲ್ಲಿ ಸಾಬೂನು ತುಂಬಿಕೊಂಡರೆ ಗ್ರೀಸಿಗೆ ಜಾಗ ಇರುವುದಿಲ್ಲ. ಸಂಜೆ ತೊಳೆದರೆ ಅದೂ ಹೋಗುತ್ತದೆ.

ಶನಿವಾರದ ಹೊತ್ತಿಗೆ ಉಗುರು ಸ್ವಚ್ಛ ಆಗಿದ್ದವು. ಹೆಬ್ಬೆರಳಿನ ಎರಡು ಗೆರೆ ಮಾತ್ರ ಹಾಗೇ ಉಳಿದವು. "ಇದಕ್ಕೇನು ಮಾಡ್ಲಿ?" ಅಂದ. ಏನೂ ಮಾಡಬೇಡ ಅಂದೆ. ಲೇತ್ ನಡೆಸುವವನ ಕೈ ಅದು. ಬಯೋಡೇಟಾದಲ್ಲಿ ಅದೇ ಬರೆದಿದೆ.

ರವಿವಾರ

ಪ್ಲಾಸ್ಟಿಕ್ ರೇನ್‌ಕೋಟ್ ಹೊರಗಿನ ಮಳೆ ತಡೆದು ಒಳಗೆ ಬೆವರಿನ ಮಳೆ ಸುರಿಸುತ್ತದೆ. ಅದಕ್ಕೆ ಆ್ಯಂಟಿಪರ್ಸ್ಪಿರಂಟ್ ಅನ್ನು ಶನಿವಾರ ರಾತ್ರಿಯೇ, ಒಣಗಿದ ಕಂಕುಳಿಗೆ ಹಚ್ಚಿಸಿದೆ. ಅದರಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನ ರಂಧ್ರದಲ್ಲಿ ಕೂತು ತಡೆಯಲು ಸಮಯ ಬೇಕು. ರಾತ್ರಿ ಬೆವರು ಕಡಿಮೆ ಇರುವುದರಿಂದ ಆಗ ಚೆನ್ನಾಗಿ ಹಿಡಿಯುತ್ತದೆ. ಬರೀ ಡಿಯೋ ಬೆವರು ನಿಲ್ಲಿಸುವುದಿಲ್ಲ, ವಾಸನೆ ಅಷ್ಟೇ ನೋಡಿಕೊಳ್ಳುತ್ತದೆ. ಸೆಂಟ್ ಎರಡೇ ಸಲ ಒತ್ತಬೇಕು. ಸ್ವಲ್ಪ ಹೊತ್ತಿಗೆ ನಮ್ಮ ಮೂಗಿಗೆ ನಮ್ಮ ಸೆಂಟ್ ಗೊತ್ತಾಗದೆ ಹೋಗುತ್ತದೆ, ಕಡಿಮೆ ಆಯಿತೇನೋ ಅಂತ ಮತ್ತೆ ಹೊಡೆಯುತ್ತೇವೆ. ತೋಳಳತೆ ದೂರದಲ್ಲಿ ನಿಂತವರನ್ನು ಕೇಳಿ.

ತಲೆ ಒದ್ದೆ ಇರುವಾಗ ಹೆಲ್ಮೆಟ್ ಹಾಕಬೇಡಿ. ಒದ್ದೆ ಕೂದಲು ಯಾವ ಆಕಾರದಲ್ಲಿ ಒಣಗುತ್ತದೋ ಅದೇ ಆಕಾರ ಹಿಡಿಯುತ್ತದೆ, ಅಂದರೆ ಹೆಲ್ಮೆಟ್ಟಿನ ಆಕಾರ. ಪೂರ್ತಿ ಒಣಗಿಸಿ, ತೆಳು ಕಾಟನ್ ಬಟ್ಟೆ ಕಟ್ಟಿ, ಮೇಲೆ ಹೆಲ್ಮೆಟ್. ಅಲ್ಲಿ ಹೋಗಿ ಕೂದಲು ಕೂತಿದ್ದರೆ ಬೆರಳು ಒದ್ದೆ ಮಾಡಿ ಬುಡದಿಂದ ಎತ್ತಿದರೆ ಸಾಕು.

ಬೂಟು, ಸಾಕ್ಸ್, ಒಂದು ಕೈವಸ್ತ್ರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡ. ಗಾಡಿ ಮೇಲೆ ಚಪ್ಪಲಿ, ಪ್ಯಾಂಟ್ ಎರಡು ಮಡಿಕೆ ಮೇಲಕ್ಕೆ. ಕಾಲು ಗಂಟೆ ಮೊದಲೇ ಮುಟ್ಟಿ, ರೇನ್‌ಕೋಟ್ ತೆಗೆದು, ಕಾಲು ಒರೆಸಿ, ಬೂಟು ಹಾಕಿಕೊಂಡು ಒಳಗೆ ಹೋದನಂತೆ.

ರಾತ್ರಿ ಫೋನ್ ಬಂತು. "ಕೈ ಕಾಲರಿಗೆ ಹೋತೇನು?" ಅಂದೆ.

"ಇಲ್ಲಕ್ಕಾ. ಆದ್ರ ಅಕೀ ಮೇಜಿನ ಕೆಳಗ ಒಂದೇ ಸವನೆ ಚಪ್ಪಲ್ ಬಿಚ್ಚಿ ಹಾಕ್ಕೊಳ್ಳಾಕತ್ತಿದ್ಲು. ಹೊಸಾವಂತ, ಹಿಮ್ಮಡಿಗೆ ಗುಳ್ಳಿ ಎದ್ದಿತ್ತು."

ಆ ಹುಡುಗಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಹೊಸ ಚಪ್ಪಲಿ, ಬೂಟು ಏನೇ ಇರಲಿ, ಸಂಜೆ ಹೊತ್ತಿಗೆ ಹೋಗಿ ಕೊಳ್ಳಿ. ದಿನವಿಡೀ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ, ಆಗ ಸರಿ ಆದದ್ದು ಆಮೇಲೂ ಸರಿ ಆಗುತ್ತದೆ. ಒಂದು ವಾರ ದಿನಾ ಅರ್ಧ ತಾಸು ಮನೆಯೊಳಗೇ ಹಾಕಿ ನಡೆಯಿರಿ. ಎಲ್ಲಿ ಕೆಂಪಾಗುತ್ತದೋ ಅಲ್ಲಿಗೆ ಮೊದಲೇ ಒಂದು ಪಟ್ಟಿ ಅಂಟಿಸಿಕೊಳ್ಳಿ. ವಾರ ಇಲ್ಲವೇ, ಹಳೆಯದನ್ನೇ ಒರೆಸಿ ಹಾಕ್ಕೊಳ್ಳಿ.