ರಜೆ ಮುಗಿಸಿ ಬಂದ ದಿನ ಇನ್‌ಬಾಕ್ಸ್‌ನಲ್ಲಿ ಮೊದಲು ಗಡುವು ಹುಡುಕಿ

ಎರಡು ವಾರ ರಜೆ ಮುಗಿಸಿ ಬಂದಾಗ ನಾನು ಮೇಲ್‌ಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗುವುದಿಲ್ಲ. ಹಾಗೆ ಓದಿದರೆ, ಇವತ್ತು ಸಂಜೆಯೊಳಗೆ ಕೊಡಬೇಕಾದ ಕೆಲಸ ಎಲ್ಲಿ ಕೂತಿದೆ ಅಂತ ಗೊತ್ತಾಗುವಷ್ಟರಲ್ಲಿ ಸಂಜೆಯೇ ಆಗಿರುತ್ತದೆ. ಅದಕ್ಕೇ ಬೆಳಗಿನ ಮೊದಲ ಎರಡು ಗಂಟೆ ನಾನು ಯಾರಿಗೂ ಉತ್ತರ ಬರೆಯುವುದಿಲ್ಲ. ಗಡುವುಗಳನ್ನು ಮಾತ್ರ ಹುಡುಕಿ ತೆಗೆಯುತ್ತೇನೆ.

ಇದಕ್ಕೆ ಸಮಯ ಸಿಗಬೇಕಲ್ವಾ? ‘ರಜೆಯಲ್ಲಿದ್ದೇನೆ’ ಎಂಬ ತಾನಾಗಿ ಹೋಗುವ ಉತ್ತರವನ್ನು ಬಂದ ದಿನವೂ ಹಾಗೇ ಬಿಡುತ್ತೇನೆ. ಆ ದಿನ ಯಾರೂ ತಕ್ಷಣ ಉತ್ತರ ಬರಲಿ ಅಂತ ಕಾಯುವುದಿಲ್ಲ. ಮೇಲ್ ತೆರೆಯುವ ಮೊದಲು, ನನ್ನ ಕೆಲಸ ನೋಡಿಕೊಂಡವರ ಹತ್ತಿರ ಹತ್ತು ನಿಮಿಷ ಕೂತು ಎರಡೇ ಪ್ರಶ್ನೆ ಕೇಳುತ್ತೇನೆ: ‘ನಾನಿಲ್ಲದೆ ಯಾವ ಕೆಲಸ ನಿಂತಿದೆ? ಈ ವಾರ ಯಾವುದಕ್ಕೆ ಗಡುವು ಇದೆ?’ ಅವರು ಹೇಳಿದ್ದನ್ನು ಕಾಗದದಲ್ಲಿ ಬರೆದುಕೊಳ್ಳುತ್ತೇನೆ. ಆ ದಿನದ ಪಟ್ಟಿ ಶುರುವಾಗುವುದು ಅಲ್ಲಿಂದ.

ನಾನು ಬಳಸುವುದು ಜಿಮೇಲ್. ಬೇರೆ ಮೇಲ್‌ಗಳಲ್ಲೂ ಇಂಥ ಹುಡುಕಾಟ ಇರುತ್ತದೆ, ಬರೆಯುವ ರೀತಿ ಮಾತ್ರ ಬೇರೆ. ಮೊದಲು ನನ್ನ ಹೆಸರಿಗೇ ನೇರವಾಗಿ ಬಂದವನ್ನು ನೋಡುತ್ತೇನೆ:

```
to:me -cc:me is:unread newer_than:16d
```

ಸಿಸಿಯಲ್ಲಿ ಸುಮ್ನೆ ಸೇರಿಸಿದ ಮೇಲ್‌ಗಳು ಇದರಲ್ಲಿ ಬರುವುದಿಲ್ಲ. ಗುಂಪಿನ ವಿಳಾಸಕ್ಕೆ ಬಂದವೂ ಇದರಿಂದ ತಪ್ಪಿಹೋಗಬಹುದು. ಆ ಕೊರತೆಯನ್ನು ಎರಡನೇ ಹುಡುಕಾಟ ತುಂಬುತ್ತದೆ, ಅದು ಪದಗಳನ್ನು ಹಿಡಿದು ಹುಡುಕುವಂಥದ್ದು:

```
newer_than:16d {deadline due "last date" reminder expires renew renewal}
```

ಬಾಗು ಆವರಣದೊಳಗಿನ ಯಾವ ಪದ ಸಿಕ್ಕರೂ ಆ ಮೇಲ್ ಪಟ್ಟಿಗೆ ಬರುತ್ತದೆ. ಪದದ ತುಂಡು ಕೊಟ್ಟರೆ ಪೂರ್ತಿ ಪದ ಸಿಗುತ್ತದೆ ಅಂತ ನಂಬಬೇಡಿ. renew, renewal ಎರಡನ್ನೂ ಬರೆದಿರುವುದು ಅದಕ್ಕೇ. ಕಚೇರಿಯ ಮೇಲ್ ಕನ್ನಡದಲ್ಲಿ ಬರುತ್ತಿದ್ದರೆ ‘ಗಡುವು’, ‘ಕೊನೆಯ ದಿನ’, ‘ಒಳಗಾಗಿ’ ಇವನ್ನೂ ಹುಡುಕಿ. ಗಡುವು ಇರುವ ಪ್ರತಿ ಮೇಲ್‌ಗೂ ನಕ್ಷತ್ರ ಹಾಕಿ ಮುಂದೆ ಹೋಗುತ್ತೇನೆ. ಪೂರ್ತಿ ಓದುವುದಿಲ್ಲ.

ನಿಜವಾದ ಕಷ್ಟ ಶುರುವಾಗುವುದು ಇಲ್ಲಿಂದ. ಜನ ಗಡುವು ಬರೆಯುವಾಗ ತಾರೀಖು ಹಾಕುವುದು ಕಡಿಮೆ. ‘ನಾಳೆಯೊಳಗೆ’, ‘ಮುಂದಿನ ಮಂಗಳವಾರ’, ‘ಎರಡು ವಾರದಲ್ಲಿ’ ಅಂತ ಬರೆಯುತ್ತಾರೆ. ಅದನ್ನು ನಾನು ಓದುವ ದಿನಕ್ಕೆ ಹೊಂದಿಸಿಕೊಂಡರೆ ಪೂರಾ ತಪ್ಪಾಗುತ್ತದೆ. ಮೇಲ್ ಕಳಿಸಿದ ದಿನದಿಂದಲೇ ಎಣಿಸಬೇಕು.

ಒಂದು ಉದಾಹರಣೆ ನೋಡಿ. ರಜೆ 1ನೇ ತಾರೀಖು ಸೋಮವಾರ ಶುರುವಾಗಿದೆ, 15ನೇ ತಾರೀಖು ಸೋಮವಾರ ವಾಪಸ್ ಬಂದಿದ್ದೇನೆ ಅನ್ನಿ. 4ನೇ ತಾರೀಖು ಗುರುವಾರ ಬಂದ ಒಂದು ಮೇಲ್‌ನಲ್ಲಿ ಎರಡು ಕೆಲಸ ಇವೆ: ‘ಮುಂದಿನ ಮಂಗಳವಾರ ಅಂಕಿ-ಅಂಶ ಕಳಿಸಿ, ಎರಡು ವಾರದಲ್ಲಿ ವರದಿ ಕೊಡಿ.’ 15ರಂದು ಓದಿದವರಿಗೆ ಮಂಗಳವಾರ ಅಂದರೆ ನಾಳೆ ಅನ್ನಿಸುತ್ತದೆ, ವರದಿಗೆ ಇನ್ನೂ ಜಾಸ್ತಿ ದಿನ ಇದೆ ಅನ್ನಿಸುತ್ತದೆ. ಎರಡೂ ನಿಜವಲ್ಲ. ಆ ಮಂಗಳವಾರ 9ನೇ ತಾರೀಖು, ಅದು ಕಳೆದುಹೋಗಿದೆ. ವರದಿಯ ಗಡುವು 18ನೇ ತಾರೀಖು, ಅಂದರೆ ಉಳಿದಿರುವುದು ಮೂರೇ ದಿನ. ಇಂಥ ಪ್ರತಿ ಮಾತನ್ನೂ ತಾರೀಖಿಗೆ ಬದಲಾಯಿಸಿ ಪಟ್ಟಿಯಲ್ಲಿ ಬರೆಯುತ್ತೇನೆ: ‘9, ಅಂಕಿ-ಅಂಶ, ಕಳೆದಿದೆ’, ‘18, ವರದಿ’. ಎಲ್ಲವೂ ತಾರೀಖಾದ ಮೇಲೆ ಯಾವುದನ್ನು ಮೊದಲು ಹಿಡಿಯಬೇಕು ಅಂತ ಪಟ್ಟಿ ನೋಡಿದರೇ ಗೊತ್ತಾಗುತ್ತದೆ.

ಕಳೆದುಹೋದ ಗಡುವನ್ನು ಸುಮ್ಮನೆ ಬಿಡುವುದಿಲ್ಲ. ಕೆಲಸ ಶುರು ಮಾಡುವ ಮೊದಲು ಆ ಮೇಲ್‌ಗಳ ಸರಣಿಯಲ್ಲಿ ಕೊನೆಗೆ ಬಂದದ್ದನ್ನು ಓದುತ್ತೇನೆ. ಬಹಳ ಸಲ ಅಂಕಿ-ಅಂಶವನ್ನು ಬೇರೊಬ್ಬರು ಆಗಲೇ ಕೊಟ್ಟಿರುತ್ತಾರೆ. ಕೊಟ್ಟಿಲ್ಲದಿದ್ದರೆ ಎರಡು ಸಾಲು ಬರೆಯುತ್ತೇನೆ: ‘9ರೊಳಗೆ ಕೇಳಿದ್ದ ಅಂಕಿ-ಅಂಶ ಈಗಲೂ ಬೇಕಾ? ಬೇಕಿದ್ದರೆ ಬುಧವಾರ ಮಧ್ಯಾಹ್ನದೊಳಗೆ ಕಳಿಸುತ್ತೇನೆ.’ ಉದ್ದದ ಕ್ಷಮಾಪಣೆಗಿಂತ ಹೊಸ ತಾರೀಖೇ ಅವರಿಗೆ ಉಪಯೋಗ. ಮೊದಲ ಎರಡು ಗಂಟೆಯಲ್ಲಿ ಏನಾದರೂ ಬರೆದರೆ ಇಂಥ ಎರಡು ಸಾಲು ಮಾತ್ರ.

ಪದ ಹುಡುಕಾಟಕ್ಕೆ ಸಿಗದ ಗಡುವುಗಳೂ ಇವೆ. ಸ್ಕ್ಯಾನ್ ಮಾಡಿದ ಪತ್ರದೊಳಗಿನ ತಾರೀಖು ಹುಡುಕಾಟಕ್ಕೆ ಸಿಕ್ಕೇ ಸಿಗುತ್ತದೆ ಅನ್ನುವ ಹಾಗಿಲ್ಲ. ಅದಕ್ಕೆ has:attachment ಅಂತ ಹುಡುಕಿ, ಕಳಿಸಿದವರ ಹೆಸರು ನೋಡಿ, ಬೇಕಾದ್ದನ್ನು ಮಾತ್ರ ತೆರೆಯುತ್ತೇನೆ. ಕ್ಯಾಲೆಂಡರ್‌ನಲ್ಲಿ ಉತ್ತರ ಕೊಡದ ಸಭೆಗಳನ್ನು ಇಡೀ ವಾರಕ್ಕೆ ಒಮ್ಮೆ ನೋಡುತ್ತೇನೆ. ಸ್ಪ್ಯಾಮ್ ಫೋಲ್ಡರ್ ಕಡೆಗೂ ಕಣ್ಣು ಹಾಯಿಸುತ್ತೇನೆ, ಯಾಕೆಂದರೆ ಜಿಮೇಲ್ ಅಲ್ಲಿರುವುದನ್ನು 30 ದಿನದ ನಂತರ ತಾನೇ ಅಳಿಸುತ್ತದೆ.

ಎಲ್ಲಕ್ಕಿಂತ ಸುಲಭವಾಗಿ ತಪ್ಪಿಹೋಗುವುದು ಬರದೇ ಇರುವ ಮೇಲ್. ಹೊರಡುವ ಮುಂಚೆ ಯಾರಿಗೋ ಏನೋ ಕೇಳಿರುತ್ತೇವೆ, ಅವರು ಉತ್ತರವನ್ನೇ ಕೊಟ್ಟಿರುವುದಿಲ್ಲ. ಇನ್‌ಬಾಕ್ಸ್ ಎಷ್ಟು ಜಾಲಾಡಿದರೂ ಅದು ಕಾಣಿಸುವುದಿಲ್ಲ. ರಜೆಗೆ ಮುಂಚಿನ ಒಂದು ವಾರ ನಾನು ಕಳಿಸಿದ್ದನ್ನು ಹೀಗೆ ತೆಗೆಯುತ್ತೇನೆ:

```
in:sent older_than:14d newer_than:22d
```

ಒಂದೊಂದನ್ನೂ ನೋಡಿ, ನಾನು ಕೇಳಿದ್ದಕ್ಕೆ ಉತ್ತರ ಬಂದಿದೆಯಾ ಅಂತ ಪರೀಕ್ಷಿಸುತ್ತೇನೆ. ಬಂದಿಲ್ಲದಿದ್ದರೆ ಅದೂ ಪಟ್ಟಿಗೆ. ನನ್ನ ಮಟ್ಟಿಗೆ ಇಡೀ ಬೆಳಿಗ್ಗೆಯ ಕೆಲಸದಲ್ಲಿ ಇದಕ್ಕೇ ಬೆಲೆ ಜಾಸ್ತಿ.

ಇಷ್ಟಾದ ಮೇಲೆ ರಾಶಿ ಕಡಿಮೆ ಮಾಡುವ ಕೆಲಸ. ಜಾಹೀರಾತು, ಸುದ್ದಿಪತ್ರಗಳಲ್ಲಿ ಹೆಚ್ಚಿನವುಗಳ ಕೊನೆಗೆ unsubscribe ಎಂಬ ಪದ ಇರುತ್ತದೆ:

```
in:inbox unsubscribe -is:starred
```

ಬಿಲ್ ಕಟ್ಟುವ ನೆನಪೋಲೆಗಳಲ್ಲೂ ಆ ಪದ ಇರಬಹುದು. ಗಡುವಿನ ಹುಡುಕಾಟ ಮುಗಿಯುವ ತನಕ ಇದಕ್ಕೆ ಕೈ ಹಾಕದಿರುವುದು ಅದಕ್ಕೇ. ಸಿಕ್ಕಿದ್ದರ ಮೇಲೆ ಒಮ್ಮೆ ಕಣ್ಣಾಡಿಸಿ, ಎಲ್ಲವನ್ನೂ ಆರಿಸಿ ಆರ್ಕೈವ್ ಮಾಡುತ್ತೇನೆ. ಅಳಿಸುವುದಿಲ್ಲ. ಆರ್ಕೈವ್ ಮಾಡಿದ್ದು ಇನ್‌ಬಾಕ್ಸ್‌ನಿಂದ ಸರಿಯುತ್ತದೆ ಅಷ್ಟೇ, ಬೇಕಾದಾಗ ಹುಡುಕಿದರೆ ಸಿಗುತ್ತದೆ.

ಮಧ್ಯಾಹ್ನ ಉದ್ದದ ಚರ್ಚೆಗಳ ಸರದಿ. ಒಂದು ಸರಣಿಯಲ್ಲಿ ಮೂವತ್ತು ಮೇಲ್ ಇದ್ದರೆ ಕೊನೆಯದನ್ನು ಮೊದಲು ಓದುತ್ತೇನೆ. ಅದು ಅರ್ಥವಾದರೆ ಹಿಂದಿನವನ್ನು ಬಿಡುತ್ತೇನೆ, ಆಗದಿದ್ದರೆ ಒಂದೊಂದೇ ಹಿಂದಕ್ಕೆ ಹೋಗುತ್ತೇನೆ. ಒಂದು ಎಚ್ಚರ ಬೇಕು. ಯಾರಾದರೂ ವಿಷಯದ ಸಾಲು ಬದಲಾಯಿಸಿದ್ದರೆ ಜಿಮೇಲ್ ಅದನ್ನು ಬೇರೆ ಸರಣಿ ಮಾಡಿರುತ್ತದೆ. ಕೊನೆಯ ಮೇಲ್‌ನಲ್ಲಿ ತೀರ್ಮಾನ ಇಲ್ಲದೆ ಮಾತು ಅರ್ಧಕ್ಕೆ ನಿಂತಿದ್ದರೆ, ಚರ್ಚೆ ಬೇರೆ ಕಡೆ ಮುಂದುವರಿದಿರಬಹುದು. ಆಗ ಆ ಕೆಲಸದ ಹೆಸರು ಹಾಕಿ ಮತ್ತೆ ಹುಡುಕಬೇಕು. ಅಲ್ಲೂ ಸಿಗದಿದ್ದರೆ ನನ್ನನ್ನು ಬಿಟ್ಟು ಉಳಿದವರಷ್ಟೇ ಮಾತಾಡಿರಬಹುದು, ಅದನ್ನು ಅವರನ್ನೇ ಕೇಳುತ್ತೇನೆ.

ಸಂಜೆಗೆ ಉಳಿದಿದ್ದಕ್ಕೆಲ್ಲ ‘ರಜೆಯ ರಾಶಿ’ ಎಂಬ ಲೇಬಲ್ ಹಾಕಿ ಆರ್ಕೈವ್ ಮಾಡುತ್ತೇನೆ. ಅದರಲ್ಲಿ ಯಾವುದಕ್ಕಾದರೂ ಹೊಸ ಉತ್ತರ ಬಂದರೆ ಆ ಸರಣಿ ತಾನಾಗಿ ಇನ್‌ಬಾಕ್ಸ್‌ಗೆ ಮರಳುತ್ತದೆ. ಉಳಿದದ್ದನ್ನು ಆ ವಾರದಲ್ಲಿ ದಿನಕ್ಕೆ ಅರ್ಧ ಗಂಟೆ ನೋಡಿ ಮುಗಿಸುತ್ತೇನೆ. ತಾನಾಗಿ ಹೋಗುವ ಉತ್ತರವನ್ನು ಮರುದಿನ ಬೆಳಿಗ್ಗೆ ತೆಗೆಯುತ್ತೇನೆ.